ದೋಸ್ತಗ ನಾ ಒಬ್ಬನ ಆಸರ ಆಗೇನಿ. ಕೌನ್ಸೆಲರ್ ಕಡೆ ಹೋಗು ಅಂತ ಹೆಂಗ ಹೇಳಬೇಕ್ರಿ?

ಉಣಕಲ್ಲಿನವ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ್ರಿ. ನಾನು ಹುಬ್ಬಳ್ಳಿಯೊಳಗ ಪಂಪ್‌ಸೆಟ್ ಅಂಗಡಿಯಾಗ ಲೆಕ್ಕ ಬರಿತೇನಿ. ನನ್ನ ದೋಸ್ತ ಬ್ಯಾಡಗಿ ಹತ್ರದ ಹಳ್ಳಿಯಾಂವ, ಪಿಯುಸಿಯಿಂದ ಕೂಡೇ ಇದ್ದಾಂವ. ಸ್ವಲ್ಪ ಹೊಲ ಐತಿ, ಮೆಣಸಿನಕಾಯಿ ಸೀಜನ್ ಬಂತಂದ್ರ ದಲಾಲಿ ಅಂಗಡಿಯಾಗ ಕೆಲಸಕ್ಕ ಹೋಗ್ತಾನ. ದೀಪಾವಳಿ ಆದಮ್ಯಾಲೆ ಅವನ ಹೆಂಡ್ತಿ ಮಗಳನ್ನ ಕರ್ಕೊಂಡು ತವರುಮನಿಗೆ ಹೋದಾಕಿ ಇನ್ನೂ ತಿರುಗಿ ಬಂದಿಲ್ಲ. ಮಂದಿ ಮುಂದ "ಬಾಣಂತನಕ್ಕ ತಂಗಿ ಕಡೆ ಹೋಗ್ಯಾಳ" ಅಂತ ಹೇಳ್ಕೊಂಡು ಅಡ್ಡಾಡ್ತಾನ.

ಖರೇ ವಿಷಯ ಗೊತ್ತಿರೂದು ನನಗ ಒಬ್ಬನಿಗೆ. ದಿನಾ ರಾತ್ರಿ ಊಟ ಆದಕೂಡಲೇ ಫೋನ್ ಮಾಡ್ತಾನ, ಒಂದೂವರಿ ಎರಡು ತಾಸು ಮಾತು. ಅದ ಜಗಳ, ಅದ ಮಾವನ ಮಾತು, "ನಾ ಎಲ್ಲಿ ತಪ್ಪಿದೆ ಹೇಳು" ಅನ್ನೂದು. ಮೊದಲ ಮೊದಲ ಮಾತಾಡಿ ಹಗುರ ಆಗ್ತಿದ್ದ. ಈಗ ಹಂಗ ಇಲ್ಲ. ಫೋನ್ ಇಡೂ ಮುಂದ ಹೆಚ್ಚ ಕುಗ್ಗಿರ್ತಾನ, ಮರುದಿನ ಅದ ಸಾಲಿನಿಂದ ಮತ್ತ ಶುರು. ನಾ ಒಮ್ಮೆ ಎತ್ತಲಿಲ್ಲ ಅಂದ್ರ "ನೀನೂ ಬಿಟ್ಟಿ ಅನ್ನು" ಅಂತ ಮೆಸೇಜ್ ಹಾಕ್ತಾನ. ನನಗ ಸಣ್ಣ ಮಗ ಅದಾನ, ಮನಿಯಾಕಿ ಇಷ್ಟ ದಿನ ಏನೂ ಅಂದಿಲ್ಲ, ಆದ್ರ ಆಕಿ ಮುಖ ನೋಡಿದ್ರ ತಿಳೀತದ.

ಅವನ್ನ ಬಿಡೂ ಮಾತ ಇಲ್ಲ. ಆದ್ರ ನಾ ಒಬ್ಬನ ಇದನ್ನ ಹೊರಾಕ ಆಗೂದಿಲ್ಲ. ಕೌನ್ಸೆಲರ್ ಕಡೆ ತೋರಸು ಅಂತ ಹೇಳಿದ್ರ "ನನ್ನ ಹುಚ್ಚ ಮಾಡಿದಿ" ಅಂತಾನೇನೋ ಅನ್ನೂ ಅಂಜಿಕಿ. ಯಾವ ಮಾತಿನಿಂದ ಶುರು ಮಾಡ್ಲಿ?

ಕಲಘಟಗಿ ಹುಡುಗ

ಅಣ್ಣಾ, ಮೊದಲ ನಿಮ್ಮ ಮನಿ ನೋಡ್ಕೊಳ್ರಿ. ರಾತ್ರಿ ಒಂಬತ್ತಕ್ಕ ಫೋನ್ ಬಂದ್ ಮಾಡಿಬಿಡ್ರಿ. ಎರಡು ದಿನ ಸಿಟ್ಟ ಆಗ್ತಾನ, ಆಮ್ಯಾಲೆ ತಾನ ದಾರಿಗೆ ಬರ್ತಾನ. ಗಡಿ ಹಾಕಲಾರದ ಮನಷಾನ ಮ್ಯಾಲೆ ಎಲ್ಲಾರೂ ಕುಂಡ್ರತಾರ. ಮತ್ತ ದವಾಖಾನಿ ಗಿವಾಖಾನಿ ಅನಬ್ಯಾಡ್ರಿ. ಅಲ್ಲಿ ಹೋದ್ರ ಗುಳಿಗಿ ಹಚ್ಚತಾರ, ಒಮ್ಮೆ ಹಚ್ಚಿದ್ರ ಸಾಯೂತನಕ ಬಿಡೂದಿಲ್ಲ.

ನಿವೃತ್ತ ಶಿಕ್ಷಕ, ರಾಣೆಬೆನ್ನೂರು

ತಮ್ಮಾ, ಹೆಂಡತಿ ತವರಿಗೆ ಹೋಗಿ ಕುಳಿತಿದ್ದಾಳೆ ಎಂದ ಮೇಲೆ ಇದಕ್ಕೆ ಕೌನ್ಸೆಲರ್ ಯಾಕೆ? ಎರಡೂ ಕಡೆಯ ನಾಲ್ಕು ಹಿರಿಯರನ್ನು ಕೂಡಿಸಿ, ನೀನು ಮುಂದೆ ನಿಂತು ಮಾತುಕತೆ ಮಾಡಿಸು. ನಾನು ನನ್ನ ಊರಲ್ಲಿ ಇಂಥ ಸಂಸಾರಗಳನ್ನು ಸರಿಪಡಿಸಿದ್ದೇನೆ. ಕಷ್ಟದಲ್ಲಿ ಇದ್ದವನು ಗೆಳೆಯನ ಬಳಿ ಅಲ್ಲದೆ ಇನ್ಯಾರ ಬಳಿ ಹೇಳಿಕೊಳ್ಳಬೇಕು? ಅವನನ್ನು ದೂರ ಮಾಡುವ ಉಪಾಯ ಕೇಳಬೇಡ.

ಉಣಕಲ್ಲಿನವ

ಸರ್, ದೂರ ಮಾಡೂದು ಕೇಳಲಿಲ್ರಿ. ಹಿರ್ಯಾರ ಮಾತು ಒಮ್ಮೆ ಆಗೇತಿ, ಮುರದೂ ಬಿದ್ದೈತಿ. ಸಂಸಾರ ಕೂಡತೈತೋ ಇಲ್ಲೋ ನನಗ ಗೊತ್ತಿಲ್ಲ. ಅಲ್ಲೀತನಕ ಅವನ ಗತಿ ಏನು ಅನ್ನೂದು ನನ್ನ ಚಿಂತಿ.

ಗದಗಿನ ಅಕ್ಕ

ನಾನು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಾಗ ಸಮಾಜ ಕಾರ್ಯಕರ್ತಿಯಾಗಿ ಭಾಳ ವರ್ಷ ಕೆಲಸ ಮಾಡಿದಾಕಿ. ತಮ್ಮಾ, ಹೆಂಗ ಹೇಳ್ಲಿ ಅನ್ನೂದಕ್ಕ ಆಮ್ಯಾಲೆ ಬರೋಣ. ಅದಕ್ಕೂ ಮೊದಲ ಒಂದೆರಡು ಸಂಗತಿ ಗೊತ್ತಾಗಬೇಕು. ಅವನ ನಿದ್ದಿ ಹೆಂಗದ? ಉಣ್ತಾನ? ಕೆಲಸಕ್ಕ ಹೋಗ್ತಾನ? ಕುಡಿಯೂದು ಹೆಚ್ಚಾಗೇದೇನು? "ಇದ್ದು ಏನ್ ಮಾಡೂದು" ಅನ್ನೂ ಅರ್ಥದ ಮಾತು ಯಾವಾಗರೆ ಬಂದದೇನು?

ಇದನ್ನ ಯಾಕ ಮೊದಲ ಕೇಳ್ತೇನಿ ಅಂದ್ರ, ಬರೇ ದುಃಖದಾಗ ಇರೂ ಮನಷಾಗ "ವಾರಕ್ಕ ಎರಡು ಸಲ ಮಾತಾಡೋಣು" ಅಂದ್ರ ನಡೀತದ. ಸಾಯೂ ವಿಚಾರದಾಗ ಇರಾಂವಗ, ಬ್ಯಾರೆ ಯಾರನ್ನೂ ಜೋಡಿಸಲಾರದ ಹಂಗ ಅಂದ್ರ, ಅವನಿಗಿದ್ದ ಒಂದ ಕೈ ಬಿಡಿಸಿದಂಗ ಆಗ್ತದ. ಕಲಘಟಗಿಯವರು ಹೇಳಿದ ಗಡಿ ಬೇಕಾದ್ದ ಹೌದು, ಫೋನ್ ಬಂದ್ ಮಾಡಿ ಹಾಕೂ ಗಡಿ ಮಾತ್ರ ಬ್ಯಾಡ.

ಉಣಕಲ್ಲಿನವ

ಅಕ್ಕಾರ, ನಸಕಿನ್ಯಾಗ ಮೂರು ಗಂಟೆಕ್ಕ ಎಚ್ಚರಾಗಿ ಮತ್ತ ನಿದ್ದಿ ಬರೂದಿಲ್ಲ ಅಂತಾನ. ಸೊರಗ್ಯಾನ. ಕೆಲಸಕ್ಕ ಹೋಗ್ತಾನ, ಆದ್ರ ತೂಕದ ಪಟ್ಟಿ ತಪ್ಪ ಬರದು ಸಾಹುಕಾರ ಕಡೆ ಬೈಸ್ಕೊಂಡ. ಕುಡಿಯೂದಿಲ್ಲ. "ಇದೆಲ್ಲಾ ಮುಗದು ಹೋದ್ರ ಛಲೋ" ಅಂತ ಒಮ್ಮೆ ಅಂದಿದ್ದ. ಸಂಸಾರದ ಜಗಳ ಮುಗದ್ರ ಅಂತ ನಾ ತಿಳಕೊಂಡೆ. ಈಗ ನೀವು ಕೇಳಿದಮ್ಯಾಲೆ ಅಂಜಿಕಿ ಬರಾಕತ್ತೈತಿ.

ಗದಗಿನ ಅಕ್ಕ

ಹಂಗಾದ್ರ ಇವತ್ತ ಕೇಳ್ರಿ, ಸುತ್ತಬಳಸಿ ಬ್ಯಾಡ. "ಮುಗದ್ರ ಛಲೋ ಅಂದಿದ್ದೆಲ್ಲ, ಜೀವಾ ಕಳಕೊಳ್ಳೂ ವಿಚಾರ ಬರ್ತದೇನೋ ನಿನಗ?" ಅಂತ ಇಷ್ಟ ಕೇಳ್ರಿ. "ಹಂಗೇನೂ ಹುಚ್ಚ ವಿಚಾರ ಇಲ್ಲಲ್ಲಾ?" ಅಂತ ಕೇಳಬ್ಯಾಡ್ರಿ, ಹಂಗ ಕೇಳಿದ್ರ ಇಲ್ಲ ಅನ್ನೂದ ಉತ್ತರ. ಬರ್ತದ ಅಂದ್ರ ಮುಂದಿಂದನ್ನೂ ಕೇಳ್ರಿ: ಹೆಂಗ ಮಾಡ್ಕೋಬೇಕು ಅಂತ ವಿಚಾರ ಮಾಡ್ಯಾನೇನು, ತಯಾರಿ ಮಾಡ್ಯಾನೇನು.

ಕಲಘಟಗಿ ಹುಡುಗ

ಅಕ್ಕಾ, ಹಂಗ ಕೇಳಿದ್ರ ಇಲ್ಲದ ವಿಚಾರ ನಾವ ತಲಿಯಾಗ ತುಂಬಿದಂಗ ಆಗೂದಿಲ್ಲೇನು?

ಗದಗಿನ ಅಕ್ಕ

ಇಲ್ಲಪಾ. ಎಲ್ಲಾರಿಗೂ ಇರೂ ಅಂಜಿಕಿ ಇದು, ಆದ್ರ ಕೇಳಿದ್ರಿಂದ ಆ ವಿಚಾರ ಹುಟ್ಟೂದಿಲ್ಲ. ಒಳಗ ಇದ್ದಾಂವಗ ಒಬ್ಬರರೆ ಕೇಳಿದ್ರಲ್ಲಾ ಅಂತ ಉಸಿರು ಬಿಟ್ಟಂಗ ಆಗ್ತದ. ನನ್ನ ಮುಂದ ಕುಂತ ಎಷ್ಟೋ ಮಂದಿ ಇದನ್ನ ಹೇಳ್ಯಾರ.

ಗುಳಿಗಿ ವಿಷಯಾನೂ ಹೇಳಿಬಿಡ್ತೇನಿ. ಕೌನ್ಸೆಲರ್ ಗುಳಿಗಿ ಕೊಡೂದಿಲ್ಲ, ಅದು ಮನೋವೈದ್ಯರ ಕೆಲಸ, ಅವರೂ ಎಲ್ಲಾರಿಗೂ ಕೊಡೂದಿಲ್ಲ. ಖಿನ್ನತೆಗೆ ಕೊಡೂ ಗುಳಿಗಿ ಕೆಲಸ ಶುರು ಮಾಡೂದಕ್ಕ ಎರಡರಿಂದ ನಾಲ್ಕು ವಾರ ಬೇಕು. ಆರಾಮ ಆದಮ್ಯಾಲೂ ಕೆಲವು ತಿಂಗಳು ತಗೊಂಡು ಡಾಕ್ಟರ್ ಹೇಳಿದಂಗ ಮೆಲ್ಲಕ ಕಡಿಮಿ ಮಾಡೂದು. ಮೊದಲ ಸಲ ಬಂದ ಖಿನ್ನತೆಗೆ ಜೀವನಪೂರ್ತಿ ತಗೊಳ್ಳೂ ಪ್ರಸಂಗ ಸಾಮಾನ್ಯ ಬರೂದಿಲ್ಲ. ಆರಾಮ ಆತು ಅಂತ ತಾವ ಒಮ್ಮೆಲೆ ಬಿಟ್ಟು, ಮತ್ತ ಬಿದ್ದು, "ನೋಡ್ರಿ ಗುಳಿಗಿ ಬಿಡಾಕ ಆಗೂದಿಲ್ಲ" ಅನ್ನಾವ್ರು ಭಾಳ. ನೀವು ಕೇಳಿದ್ದು ಅಂಥವರ ಮಾತ ಇರಬೇಕು.

ಉಣಕಲ್ಲಿನವ

ಕೇಳಿದೆ ಅಕ್ಕಾರ. ಭಾಳ ಹೊತ್ತು ಸುಮ್ಮನಿದ್ದ. ವಿಚಾರ ಬರ್ತದಂತ, ನಸಕಿನ್ಯಾಗ ಎಚ್ಚರಾದಾಗ. ಮಾಡ್ಕೋಬೇಕು ಅಂತ ಏನೂ ತಯಾರಿ ಇಲ್ಲ, "ಮಗಳ ಮುಖ ಕಣ್ಮುಂದ ಬರ್ತೈತಿ" ಅಂದ. ಅತ್ತ. ನಾನೂ ಅತ್ತೆ.

ಗದಗಿನ ಅಕ್ಕ

ಛಲೋ ಮಾಡಿದ್ರಿ. ಇನ್ನ ಮೂರು ಕೆಲಸ ಅದಾವ, ತಡಾ ಮಾಡಬ್ಯಾಡ್ರಿ.

ಹೊಲ ಅದ ಅಂದ್ರಿ, ಅಂದ್ರ ಮನಿಯಾಗ ಬೆಳಿಗೆ ಹೊಡಿಯೂ ಎಣ್ಣಿ ಇರ್ತದ. ಅದು ಅವನ ಕೈಗೆ ಸಿಗಲಾರದಂಗ ಆಗಬೇಕು. ನಮ್ಮ ಕಡೆ ಜೀವಾ ಹೋಗೂದರಾಗ ಭಾಳಷ್ಟು ಒಂದ ಗಳಿಗಿ ಸಿಟ್ಟಿನ್ಯಾಗ, ನೋವಿನ್ಯಾಗ, ಕೈಯಳತೆಯಾಗ ಎಣ್ಣಿ ಡಬ್ಬಿ ಇದ್ದದ್ದಕ್ಕ ಹೋಗ್ತಾವ. ಆ ಗಳಿಗಿ ದಾಟಿದ್ರ ಮನಷಾ ಉಳೀತಾನ. ಅವನಿಗೇ ಹೇಳ್ರಿ, "ಎಣ್ಣಿ ಡಬ್ಬಿ ನಿಮ್ಮ ಕಾಕಾನ ಮನಿಯಾಗ ಇಡು, ಹೊಡಿಯೂ ದಿನ ತಂದ್ರ ಸಾಕು" ಅಂತ. ಎಷ್ಟೋ ಸಲ ಅವರ ಹೂಂ ಅಂತಾರ.

ಎರಡನೇದು, ನೀವು ಫೋನ್ ಎತ್ತಲಾರದ ಹೊತ್ತಿನ್ಯಾಗ ಅವನಿಗೆ ಒಂದು ದನಿ ಬೇಕು. 14416 ಅಂದ್ರ ಸರ್ಕಾರದ ಟೆಲಿ ಮಾನಸ್ ಅನ್ನೂ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್, 2022ರ ಅಕ್ಟೋಬರಿನಿಂದ ಅದ. ದುಡ್ಡಿಲ್ಲ, ಹಗಲು ರಾತ್ರಿ ನಡೀತದ, ಕನ್ನಡದಾಗ ಮಾತಾಡ್ತಾರ. ನಸಕಿನ ಮೂರು ಗಂಟೆ ಇಂಥವರಿಗೆ ಎಲ್ಲಾಕಿಂತ ಕೆಟ್ಟ ಹೊತ್ತು, ಆವಾಗ ನೀವು ಮಲಗಿರ್ತೀರಿ. ನೀವ ಒಮ್ಮೆ ಅವನ ಬಾಜು ಕುಂತು ಹಚ್ಚಿಕೊಡ್ರಿ. ನಂಬರ್ ಬರದು ಕೊಟ್ರ ಯಾರೂ ಹಚ್ಚೂದಿಲ್ಲ.

ಮೂರನೇದು ದವಾಖಾನಿ. ನೀವು ಕೌನ್ಸೆಲರ್ ಅಂತ ಕೇಳಿದ್ರಿ. ನಿದ್ದಿ, ಊಟ, ಕೆಲಸ ಎಲ್ಲಾ ಕೆಟ್ಟು ಎರಡು ವಾರ ದಾಟ್ಯಾವ, ಸಾಯೂ ವಿಚಾರಾನೂ ಬಂದದ ಅಂದಮ್ಯಾಲೆ ಬರೇ ಕೌನ್ಸೆಲರ್ ಸಾಲೂದಿಲ್ಲ, ಮನೋವೈದ್ಯರು ಒಮ್ಮೆ ನೋಡಬೇಕು. ಮಾತಿನ ಚಿಕಿತ್ಸೆ ಅದರ ಕೂಡ ನಡೀಲಿ. ನಡುವ ಯಾವಾಗರೆ "ಈಗ ಮಾಡ್ಕೊಂಡುಬಿಡ್ತೇನಿ" ಅನ್ನೂ ಮಾತು ಬಂದ್ರ ಅವನ್ನ ಒಬ್ಬನ್ನ ಬಿಡಬ್ಯಾಡ್ರಿ, 112ಕ್ಕ ಹಚ್ಚಿ, ಮನಿಯವರನ್ನ ಎಬ್ಬಿಸ್ರಿ.

ಕೇಳಿಸ್ಕೊಂಡಾಕಿ, ಧಾರವಾಡ

ನಾ ಇದರಾಗ ಆ ಕಡೆ ಇದ್ದಾಕಿ. ಸಪ್ತಾಪುರದಾಗ ಪಿಜಿಯಾಗ ಇದ್ದು ಪರೀಕ್ಷೆಗೆ ಓದ್ತಿದ್ದೆ. ಎರಡು ಸಲ ಮೇನ್ಸ್ ಹೋತು, ಅಪ್ಪಾಜಿ ತೀರಿಹೋದ್ರು. ಇದ್ದಾಕಿ ಒಬ್ಬಾಕಿ ಗೆಳತಿ. ಆಕಿ ಹೇಳಿದ ಮಾತು ಇನ್ನೂ ನೆನಪದ: "ನಿನ್ನ ಕೂಡ ಇರ್ತೇನಿ, ಆದ್ರ ನನಗ ಇದನ್ನ ಕಡಿಮಿ ಮಾಡಾಕ ಬರೂದಿಲ್ಲ. ಬರೂವರ ಕಡೆ ಕೂಡೇ ಹೋಗೋಣು." ಆ ದಿನ ಮೈಯೆಲ್ಲಾ ಉರಿದುಹೋತು. ಒಂದು ವಾರ ಮಾತು ಬಿಟ್ಟೆ.

ಆದ್ರ ಆಕಿ ಒಂದ ಕೆಲಸ ಮಾಡಿದ್ಲು. ಮಂಗಳವಾರ ಸಂಜಿ ಫೋನ್ ಮಾಡ್ತೇನಿ ಅಂದಿದ್ಲು, ನಾ ಎತ್ತದಿದ್ರೂ ಸರಿಯಾಗಿ ಆ ಹೊತ್ತಿಗೆ ಮಾಡಿದ್ಲು, ಮುಂದಿನ ವಾರಾನೂ ಮಾಡಿದ್ಲು. ಅದರಿಂದ ನನಗ ಗೊತ್ತಾತು ಆಕಿ ಹೋಗಿಲ್ಲ ಅಂತ. ಅಣ್ಣಾರ, ನೀವು ಏನ್ ಹೇಳ್ತೀರಿ ಅನ್ನೂದಕ್ಕಿಂತ ಹೇಳಿದಮ್ಯಾಲೆ ಆ ಹೊತ್ತಿಗೆ ಫೋನ್ ಮಾಡ್ತೀರೋ ಇಲ್ಲೋ ಅನ್ನೂದನ್ನ ಅಂವ ನೋಡ್ತಾನ.

ಗದಗಿನ ಅಕ್ಕ

ತಂಗಿ ಹೇಳಿದ್ದು ನೂರಕ್ಕ ನೂರು ಖರೇ. ಈಗ ಮಾತಿಗೆ ಬರೋಣ ತಮ್ಮಾ.

ರಾತ್ರಿ ಫೋನಿನ್ಯಾಗ ಹೇಳಬ್ಯಾಡ್ರಿ, ಮೆಸೇಜ್ ಅಂತೂ ಬ್ಯಾಡ. ಅಂವ ಅದನ್ನ ನಸಕಿನ್ಯಾಗ ಹತ್ತು ಸಲ ಓದ್ತಾನ. ರವಿವಾರ ಹಗಲಿನ್ಯಾಗ ಬ್ಯಾಡಗಿಗೆ ಹೋಗ್ರಿ. ಎದುರುಬದುರು ಕುಂಡ್ರೂದಕ್ಕಿಂತ ಹೊಲದ ಕಡೆ ನಡಕೋತ ಮಾತಾಡೂದು ಗಂಡಸರಿಗೆ ಹಗುರ ಆಗ್ತದ, ಮುಖಾ ನೋಡೂ ಗೋಜಿಲ್ಲ.

ಮೊದಲ ನೀವು ಕಂಡದ್ದನ್ನ ಹೇಳ್ರಿ, ನಿಮ್ಮ ದಣಿವು ಆಮ್ಯಾಲೆ. "ನಿದ್ದಿ ಇಲ್ಲ ನಿನಗ, ಸೊರಗಿದಿ, ಪಟ್ಟಿ ತಪ್ಪಾಕತ್ತೈತಿ. ದಿನಾ ಎರಡು ತಾಸು ಮಾತಾಡ್ತೇವಿ, ಇಡೂ ಮುಂದ ನೀ ಇನ್ನೂ ಕುಗ್ಗಿರ್ತಿ. ನನ್ನ ಮಾತಿನಿಂದ ಇದು ಕಡಿಮಿ ಆಗವಲ್ದು." ಇದು ದೂರಲ್ಲ. ಅವನಿಗೂ ಗೊತ್ತಿರೂ ಸಂಗತಿ.

ಅದಾದಮ್ಯಾಲೆ ಉಳಿಯೂದು ಏನು ಅಂತ ಹೇಳ್ರಿ. "ಬುಧವಾರ, ರವಿವಾರ ಸಂಜಿ ಎಂಟಕ್ಕ ನಾನ ಫೋನ್ ಮಾಡ್ತೇನಿ, ಮುಕ್ಕಾಲು ತಾಸು ನಿಂದ. ದಿನಾ ರಾತ್ರಿ ಆಗೂದಿಲ್ಲ, ಮನಿಯಾಗ ಹುಡುಗ ಅದಾನ." ಇಲ್ಲಿ ಕ್ಷಮಾ ಕೇಳಕೋತ ಕುಂಡ್ರಬ್ಯಾಡ್ರಿ. ನೀವು ನಾಕು ಸಲ ಕ್ಷಮಾ ಕೇಳಿದ್ರ, ನಿಮ್ಮನ್ನ ಸಮಾಧಾನ ಮಾಡೂ ಕೆಲಸಾನೂ ಅವನ ಮ್ಯಾಲೆ ಬೀಳ್ತದ. "ನೀ ಭಾಳ ಆದಿ ನನಗ" ಅನ್ನೂ ಅರ್ಥದ ಒಂದ ಶಬ್ದಾನೂ ಬರಬಾರದು.

ಆಮ್ಯಾಲೆ ದವಾಖಾನಿ. "ಹೋಗು" ಅನಬ್ಯಾಡ್ರಿ, "ಹೋಗೋಣು" ಅನ್ರಿ, ಯಾವ ದಿನ ಅನ್ನೂದನ್ನೂ ಹೇಳ್ರಿ. ದಿನ ಹೇಳದಿದ್ರ ಅದು ನಡಿಯೂದಿಲ್ಲ. ಅಂದಂಗ, ಮೊದಲ ಸಲ ಧಾರವಾಡದ ಹೆಸರು ಎತ್ತಬ್ಯಾಡ್ರಿ.

ಕಲಘಟಗಿ ಹುಡುಗ

ಧಾರವಾಡ ಯಾಕ ಬ್ಯಾಡ ಅಕ್ಕಾ? ಡಿಮ್ಹಾನ್ಸ್ ಅನ್ನೂ ದೊಡ್ಡ ಮಾನಸಿಕ ಆಸ್ಪತ್ರೆ ಇರೂದ ಅಲ್ಲೆಲ್ಲಾ?

ಗದಗಿನ ಅಕ್ಕ

ಡಿಮ್ಹಾನ್ಸ್ ಭಾಳ ಛಲೋ, ನಾನ ಎಷ್ಟೋ ಮಂದೀನ ಕಳಸೇನಿ. ಆದ್ರ ಅದು 1845ರಾಗ ಹುಚ್ಚಾಸ್ಪತ್ರೆ ಅಂತ ಶುರುವಾದದ್ದು. ನಮ್ಮ ಹಳ್ಳಿಗಳಾಗ "ನಿನ್ನ ಧಾರವಾಡಕ್ಕ ಕಳಸಬೇಕು" ಅನ್ನೂದು ಇವತ್ತಿಗೂ ಬೈಗುಳ. ಈಗ ಅಲ್ಲಿ ತಲಿನೋವು, ನಿದ್ದಿ, ಮಕ್ಕಳ ಓದಿನ ತ್ರಾಸು ಅಂತ ದಿನಾ ಮಂದಿ ಬರ್ತಾರ. ಆದ್ರ ಬ್ಯಾಡಗಿ ಹುಡುಗನ ಕಿವಿಗೆ ಆ ಊರಿನ ಹೆಸರು ಬೈಗುಳಾನ ಆಗಿ ಬೀಳ್ತದ. ಹಾವೇರಿ ಜಿಲ್ಲಾ ಆಸ್ಪತ್ರೆಯಾಗ ಮನೋವೈದ್ಯರ ವಿಭಾಗ ಅದ, ಸಾದಾ ದವಾಖಾನಿ ಚೀಟಿ ಮಾಡಿಸಿ ಹೋಗೂದು, ನೋಡಿದವರಿಗೆ ಜ್ವರಕ್ಕ ಬಂದಾನೋ ಏನೋ ತಿಳಿಯೂದಿಲ್ಲ. ತಾಲೂಕು ಆಸ್ಪತ್ರೆಗೂ ಮನೋಚೈತನ್ಯ ಅನ್ನೂ ಕಾರ್ಯಕ್ರಮದಾಗ ಮಂಗಳವಾರ ಮನೋವೈದ್ಯರು ಬರೂ ಪದ್ಧತಿ ಅದ. ಯಾವ ಮಂಗಳವಾರ ಅಂತ ಮೊದಲ ಕೇಳ್ಕೊಂಡು ಹೋಗ್ರಿ. ಆದ್ರ ಸ್ವಂತ ತಾಲೂಕಿನ್ಯಾಗ ಗುರತಿನವರು ಸಿಗ್ತಾರ ಅಂತ ಕೆಲವರು ಒಲ್ಲೆ ಅಂತಾರ, ಅದನ್ನ ಅವನಿಗೇ ಬಿಡ್ರಿ.

ಅಲ್ಲಿ ಹೇಳಿದ್ದು ಊರಿಗೆ ಗೊತ್ತಾಗ್ತದ ಅಂತ ಅಂಜಿದ್ರ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಅದನ್ನ ಗುಟ್ಟಾಗಿ ಇಡಬೇಕು ಅಂತ ಹೇಳ್ರಿ. ಜೀವಕ್ಕ ಅಪಾಯ ಅನ್ನೂವಂಥ ಕೆಲವು ಪ್ರಸಂಗದಾಗ ಮಾತ್ರ ಡಾಕ್ಟರ್ ಬ್ಯಾರೆಯವರಿಗೆ ಹೇಳಬಹುದು.

ಹಾನಗಲ್ ಗೃಹಿಣಿ

ನಮ್ಮ ಯಜಮಾನ್ರು ಕುಡೀತಾರ, ನಾನೂ ನನ್ನ ತಂಗಿ ಮುಂದ ದಿನಾ ಹೇಳ್ಕೊಂತೇನಿ. ಇದನ್ನ ಓದಿದಮ್ಯಾಲೆ ಆಕಿಗೂ ಹಿಂಗ ಅನಸ್ತಿರಬಹುದೇನೋ ಅಂತ ಮನಸಿಗೆ ಹತ್ತೇತಿ. ಹೇಳ್ಕೊಳ್ಳೂದ ತಪ್ಪೇನ್ರಿ ಅಕ್ಕಾರ? ಹೇಳ್ಕೊಳ್ಳಲಿಲ್ಲಂದ್ರ ಎದಿ ಒಡೀತೈತಿ.

ಗದಗಿನ ಅಕ್ಕ

ಹೇಳ್ಕೊಳ್ಳೂದು ತಪ್ಪಲ್ಲವ್ವಾ. ತಂಗಿ ಮುಂದ ಹೇಳಿ ನಿಮಗ ಅಷ್ಟೊತ್ತರೆ ಹಗುರ ಆಗ್ತದ, ಮುಂಜಾನೆ ಎದ್ದು ಕೆಲಸಾ ಮಾಡಾಕ ಆಗ್ತದ ಅಂದ್ರ ಅದು ನಿಮ್ಮನ್ನ ಕಾಯಾಕತ್ತದ. ಅದ ಗಾಯಾನ ದಿನಾ ಕೆರದಂಗ ಆಗಿ, ಹೇಳಿದಮ್ಯಾಲೆ ನಿದ್ದಿ ಇನ್ನೂ ದೂರ ಹೋತು ಅಂದ್ರ ಅಲ್ಲಿ ತರಬೇತಿ ಆದವರು ಬೇಕು. ಅವರು ವಾರಕ್ಕ ಒಮ್ಮೆ ಮುಕ್ಕಾಲು ತಾಸು ಕುಂಡ್ರಸ್ಕೊಂಡು, ಹ್ವಾದ ವಾರ ಏನಾತು, ಆವಾಗ ನೀವು ಏನ್ ಮಾಡಿದ್ರಿ ಅಂತ ಕೇಳಿ, ಮುಂದಿನ ವಾರಕ್ಕ ಒಂದು ಸಣ್ಣ ಕೆಲಸಾ ಕೊಟ್ಟು ಕಳಸ್ತಾರ. ಗೆಳೆಯಾರಿಗೆ, ತಂಗಿಗೆ ಅದು ಆಗೂದಿಲ್ಲ, ಅವರು ನಿಮ್ಮ ಕೂಡ ತಾವೂ ಅಳ್ತಾರ. ಕುಡಿತದ ಬಗ್ಗೆ ಬ್ಯಾರೆ ಬರೀರಿ, ಅದಕ್ಕ ಬ್ಯಾರೆ ದಾರಿ ಅದ. 14416ಕ್ಕ ನೀವೂ ಹಚ್ಚಬಹುದು, ಕುಡಿಯೂವರ ಮನಿಯವರ ಕೂಡಾನೂ ಮಾತಾಡ್ತಾರ.

ಉಣಕಲ್ಲಿನವ

ಹೋಗಿ ಬಂದೆ. ಅಕ್ಕಾರ ಹೇಳಿದಂಗ ಹೊಲದ ಬದುವಿನ ಮ್ಯಾಲೆ ನಡಕೋತ ಹೇಳಿದೆ. ಪಟ್ಟಿ ತಪ್ಪೂ ಮಾತು ಬಂದಾಗ ತಲಿ ಕೆಳಗ ಹಾಕಿದ. ವಾರಕ್ಕ ಎರಡು ಸಲ ಅಂದಕೂಡಲೇ "ಆತು ಬಿಡು, ನಿನಗೂ ತ್ರಾಸ ಕೊಟ್ಟೆ" ಅಂದು ಮುಂದ ಮುಂದ ನಡದ. ನಾ ಬೆನ್ನು ಹತ್ತಿ "ತ್ರಾಸ ಅಂತ ನಾ ಅಂದಿಲ್ಲ, ಬುಧವಾರ ಎಂಟಕ್ಕ ಫೋನ್ ಬರ್ತೈತಿ ನೋಡು" ಅಂದೆ. ದವಾಖಾನಿ ಅಂದಾಗ ಅಂವ ಕೇಳಿದ್ದು ಅದನ್ನ: "ಧಾರವಾಡಕ್ಕ ಒಯ್ತಿ ಏನ?" ಹಾವೇರಿ, ಚೀಟಿ ಮಾಡಿಸಿ ತೋರಸೂದು ಅಷ್ಟ, ನಿದ್ದಿ ಬರವಲ್ದು ಅಂತ ಹೇಳೂದು, ನಾ ಕೂಡ ಬರ್ತೇನಿ ಅಂದೆ. ಹೂಂ ಅನಲಿಲ್ಲ, ಒಲ್ಲೆ ಅಂತಾನೂ ಅನಲಿಲ್ಲ.

ಬುಧವಾರ ಎಂಟಕ್ಕ ಮಾಡಿದೆ, ಎತ್ತಲಿಲ್ಲ. ಒಂಬತ್ತಕ್ಕ ತಾನ ಮಾಡಿ "ಪ್ಯಾಟಿಯಾಗ ಮೆಣಸಿನಕಾಯಿ ಟೆಂಡರ್ ಇಲ್ಲದ ದಿನ ನೋಡಿ ಹೋಗೋಣು" ಅಂದ. ಎಣ್ಣಿ ಡಬ್ಬಿ ಕಾಕಾನ ಮನಿಗೆ ಒಯ್ದಾನಂತ, ಅದನ್ನ ಕಾಕಾನ ಕಡೇನೂ ಖಾತ್ರಿ ಮಾಡ್ಕೊಂಡೆ.

ಒಂದು ಉಳದೈತಿ. ಅವನ ಅಣ್ಣ ಊರಾಗ ಅದಾನ, ಛಲೋ ಮನಷಾ, ಏನೂ ಗೊತ್ತಿಲ್ಲ. ಹೇಳಲೇನು?

ನಿವೃತ್ತ ಶಿಕ್ಷಕ, ರಾಣೆಬೆನ್ನೂರು

ನಾನು ಪ್ರಶ್ನೆಯನ್ನು ಬೇರೆ ರೀತಿ ತಿಳಿದಿದ್ದೆ. ಆದರೆ ಅಣ್ಣನ ವಿಷಯದಲ್ಲಿ ನನ್ನ ಮಾತು ಸ್ಪಷ್ಟ: ಹೇಳಲೇಬೇಕು. ರಾತ್ರಿ ಮೂರು ಗಂಟೆಗೆ ಪಕ್ಕದ ಕೋಣೆಯಲ್ಲಿ ಇರುವವನು ಅಣ್ಣ, ನೀನಲ್ಲ.

ಕೇಳಿಸ್ಕೊಂಡಾಕಿ, ಧಾರವಾಡ

ನಾ ಒಪ್ಪೂದಿಲ್ಲ ಸರ್. ನನ್ನ ಗೆಳತಿ ನನಗ ಕೇಳಲಾರದ ನಮ್ಮ ಮನಿಗೆ ಹೇಳಿದ್ರ ಆವತ್ತ ಆಕಿ ಮ್ಯಾಲಿನ ನಂಬಿಕಿ ಹೋಗ್ತಿತ್ತು, ನಾ ಮುಂದ ಯಾರ ಮುಂದೂ ಬಾಯಿ ಬಿಡ್ತಿರಲಿಲ್ಲ.

ಗದಗಿನ ಅಕ್ಕ

ಇಬ್ಬರ ಮಾತಿನ್ಯಾಗೂ ಹುರುಳದ, ಇದಕ್ಕ ಎಲ್ಲಾರಿಗೂ ಹೊಂದೂ ಉತ್ತರ ನನ್ನ ಕಡೆ ಇಲ್ಲ. ತಯಾರಿ ಇದ್ರ, ಮಾತು ಬದಲಾದ್ರ, ಕೇಳಕೋತ ಕುಂಡ್ರಬ್ಯಾಡ್ರಿ, ಅಣ್ಣಗ ಹೇಳ್ರಿ. ಈಗಿನ ಸ್ಥಿತಿಯಾಗ ನಾನಾದ್ರ ಅವನನ್ನ ಕೇಳ್ತಿದ್ದೆ: "ಅಣ್ಣಗ ನೀ ಹೇಳ್ತಿ ಏನು, ನಾ ಹೇಳ್ಲಿ ಏನು, ಇಲ್ಲಾ ಡಾಕ್ಟರ್ ಮುಂದ ಕೂಡಿ ಹೇಳೋಣು?" ಅಂತ. ಮೂರನೇದನ್ನ ಭಾಳ ಮಂದಿ ಒಪ್ತಾರ.

ಉಣಕಲ್ಲಿನವ

ನಿನ್ನೆ ಹಾವೇರಿಗೆ ಹೋಗಿದ್ವಿ. ಚೀಟಿ ಮಾಡಿಸಿ ಎರಡು ತಾಸು ಕುಂತ್ವಿ, ನಡುವ ಒಮ್ಮೆ ಎದ್ದು ಹೊಂಟಿದ್ದ. ಡಾಕ್ಟರ್ ಒಳಗ ಮೊದಲ ಅವನ್ನ ಒಬ್ಬನ್ನ ಮಾತಾಡ್ಸಿ, ಆಮ್ಯಾಲೆ ಅವನ ಒಪ್ಪಿಗಿ ಕೇಳಿ ನನ್ನ ಕರದ್ರು. ಖಿನ್ನತೆ ಅಂದ್ರು. ರಾತ್ರಿ ಒಂದು ಗುಳಿಗಿ, ಎರಡು ವಾರ ಬಿಟ್ಟು ಬಾ ಅಂತ. ಮಾತಿನ ಚಿಕಿತ್ಸೆಗೆ ಬ್ಯಾರೆ ದಿನ ಬರದು ಕೊಟ್ಟಾರ. ಅಂವಗೇನೂ ಖುಷಿ ಇಲ್ಲ, "ಡಾಕ್ಟರ್ ಹತ್ತು ನಿಮಿಷ ಮಾತಾಡಿದ್ರು, ನೀ ಎರಡು ತಾಸು ಕೇಳ್ತಿ" ಅಂತಾನ. ಅಣ್ಣನ ಮಾತಿಗೆ ಇನ್ನೂ ಒಲ್ಲೆ ಅಂತಾನ.

ಗದಗಿನ ಅಕ್ಕ

ಸರ್ಕಾರಿ ಓಪಿಡಿಯಾಗ ಡಾಕ್ಟರ್ ಮುಂದ ಅಷ್ಟ ಹೊತ್ತ ಸಿಗೂದು. ಕುಂಡ್ರಸ್ಕೊಂಡು ಮಾತಾಡೂದು ಆ ಬ್ಯಾರೆ ಬರದು ಕೊಟ್ಟ ದಿನ. ಅದನ್ನ ತಪ್ಪಸೂ ಸಾಧ್ಯತೆ ಹೆಚ್ಚು, ಹಿಂದಿನ ದಿನ ಸಂಜಿ ನೀವ ನೆನಪು ಮಾಡ್ರಿ, ಆದ್ರ ಬಸ್ಸಿಗೆ ಅವನ ಹತ್ತಲಿ. ಮೊದಲ ವಾರ ಹೊಟ್ಟಿ ತೊಳಸಿದಂಗ ಆದ್ರ ಗುಳಿಗಿ ಬಿಡಬ್ಯಾಡ ಅನ್ರಿ, ತಡಿಯಾಕ ಆಗಲಿಲ್ಲಂದ್ರ ದವಾಖಾನಿಗೆ ಹೋಗಿ ಕೇಳಲಿ. ಎರಡು ವಾರದೊಳಗ ಮನಸು ಹಗುರ ಆಗಲಿಲ್ಲ ಅಂತ ಚೀಟಿ ಹರದು ಒಗಿಯೂದು ಬ್ಯಾಡ. ಭಾಳ ಮಂದಿಗೆ ಮೊದಲ ಸರಿಯಾಗೂದು ನಿದ್ದಿ, ಅದನ್ನ ನೋಡ್ರಿ. ಸಾಯೂ ವಿಚಾರ ಬರ್ತದೇನು ಅಂತ ನೀವು ವಾರಕ್ಕ ಒಮ್ಮೆ ಕೇಳೂದು ಮುಂದುವರಿಲಿ.

ಉಣಕಲ್ಲಿನವ

ಆತ್ರಿ ಅಕ್ಕಾರ. ಈ ಬುಧವಾರ ಎಂಟಕ್ಕ ಮೊದಲ ಅದನ್ನ ಕೇಳ್ತೇನಿ. ಅವನ ಅಣ್ಣನ ವಿಷಯ ಎರಡು ವಾರದ ಮ್ಯಾಲೆ ಡಾಕ್ಟರ್ ಕಡೆ ಹೋದಾಗ ಅವನ ಮುಂದ ಎತ್ತಲೇನು ಅಂತ ವಿಚಾರ ಮಾಡಾಕತ್ತೇನಿ.